ಮುಖ್ಯ ಅತಿಥಿಗಳ ಭಾಷಣದ ವರದಿ ಎಲ್ಲಿ ಕೆಡುತ್ತದೆ: ಧ್ವನಿಮುದ್ರಣದಿಂದ ವಾರ್ಷಿಕ ಸಂಚಿಕೆಯ ಪ್ಯಾರಾದವರೆಗೆ

ಕಾಲೇಜಿನ ವಾರ್ಷಿಕ ಸಂಚಿಕೆಯ ಸಂಪಾದಕ ಸಮಿತಿಯಲ್ಲಿ ಹಲವು ವರ್ಷ ಕೆಲಸ ಮಾಡಿದವನಾಗಿ ಒಂದು ದೋಷವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಸಮಾರಂಭದಲ್ಲಿ ಮುಖ್ಯ ಅತಿಥಿಗಳು ಅರ್ಧ ಗಂಟೆಗೂ ಹೆಚ್ಚು ಕಾಲ ವಿಷಯವಿಟ್ಟುಕೊಂಡು ಮಾತನಾಡಿರುತ್ತಾರೆ, ಅದರ ಧ್ವನಿಮುದ್ರಣವೂ ನಮ್ಮಲ್ಲಿರುತ್ತದೆ, ಆದರೆ ಸಂಚಿಕೆಯಲ್ಲಿ ಅಚ್ಚಾಗುವ ಪ್ಯಾರಾದಲ್ಲಿ ಅವರು ಏನು ಹೇಳಿದರು ಎಂಬುದು ಮಾತ್ರ ಇರುವುದಿಲ್ಲ. ವರದಿ ಬರೆದ ವಿದ್ಯಾರ್ಥಿಯ ಶ್ರದ್ಧೆಯಲ್ಲಿ ಕೊರತೆ ಇರುವುದಿಲ್ಲ; ಧ್ವನಿಮುದ್ರಣದಿಂದ ಪ್ಯಾರಾದವರೆಗಿನ ದಾರಿಯಲ್ಲಿ ಎಲ್ಲೋ ಒಂದೆರಡು ಕಡೆ ವಿಷಯ ಸೋರಿಹೋಗಿರುತ್ತದೆ. ಅದು ಎಲ್ಲಿ ಸೋರಿತು ಎಂಬುದನ್ನು ಪತ್ತೆ ಮಾಡುವ ಕ್ರಮವನ್ನು ಒಂದೇ ಪ್ರಕರಣದ ಆಧಾರದಲ್ಲಿ ಇಲ್ಲಿ ವಿವರಿಸುತ್ತೇನೆ.

ಪ್ರಕರಣ

ಸಮಾರಂಭವು ರಾಷ್ಟ್ರೀಯ ವಿಜ್ಞಾನ ದಿನಾಚರಣೆ. ಮುಖ್ಯ ಅತಿಥಿಗಳು ಭೌತವಿಜ್ಞಾನದ ನಿವೃತ್ತ ಪ್ರಾಧ್ಯಾಪಕರು. ಧ್ವನಿಮುದ್ರಣದ ಅವಧಿ 34 ನಿಮಿಷ. ಅದರಲ್ಲಿ ಒಂದು ನಿಮಿಷದ ಮಾತನ್ನು ಬರೆದುಕೊಂಡು ಎಣಿಸಿದಾಗ ಸುಮಾರು 90 ಪದಗಳಿದ್ದವು. ಆ ಲೆಕ್ಕದಲ್ಲಿ ಇಡೀ ಭಾಷಣ ಸುಮಾರು 3,000 ಪದಗಳದ್ದು. ಸಂಚಿಕೆಯಲ್ಲಿ ನಾವು ಕೊಡಬಹುದಾಗಿದ್ದ ಜಾಗ 100 ಪದಗಳಷ್ಟು, ಅಂದರೆ ಮೂವತ್ತು ಪದಗಳಿಗೆ ಒಂದು ಪದ. ವರದಿಯ ಜವಾಬ್ದಾರಿ ಹೊತ್ತಿದ್ದ ವಿದ್ಯಾರ್ಥಿನಿ ತಂದುಕೊಟ್ಟ ಮೊದಲ ಪ್ರತಿ ಹೀಗಿತ್ತು:

“ಮುಖ್ಯ ಅತಿಥಿಗಳಾಗಿ ಆಗಮಿಸಿದ್ದ ಗಣ್ಯರು ಮಾತನಾಡಿ, ವಿಜ್ಞಾನವು ಮಾನವನ ಜೀವನದಲ್ಲಿ ಮಹತ್ತರ ಪಾತ್ರ ವಹಿಸಿದೆ ಎಂದು ತಿಳಿಸಿದರು. ಸರ್ ಸಿ. ವಿ. ರಾಮನ್ ಅವರು 1928ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ನೆನಪಿಗಾಗಿ ಈ ದಿನವನ್ನು ಆಚರಿಸಲಾಗುತ್ತದೆ ಎಂದರು. ಅವರು ವಿದ್ಯಾರ್ಥಿಯಾಗಿದ್ದಾಗ ಲೋಲಕದ ಪ್ರಯೋಗದಲ್ಲಿ 990 ಬರಬೇಕಾದ ಕಡೆ 960 ಬಂದಿತ್ತು ಎಂದು ನೆನಪಿಸಿಕೊಂಡರು. ಪ್ರಯೋಗಕ್ಕೆ ದುಬಾರಿ ಉಪಕರಣಗಳ ಅಗತ್ಯವಿಲ್ಲ ಎಂದು ಪ್ರತಿಪಾದಿಸಿದ ಅವರು, ವಿದ್ಯಾರ್ಥಿಗಳು ಮೊಬೈಲ್ ಗೀಳಿನಿಂದ ಹೊರಬಂದು ಶಿಸ್ತು, ಶ್ರದ್ಧೆಗಳಿಂದ ಓದಿ ಉತ್ತಮ ಪ್ರಜೆಗಳಾಗಬೇಕೆಂದು ಕರೆ ನೀಡಿದರು.”

ಓದುವಾಗ ಈ ಪ್ಯಾರಾ ಎಲ್ಲಿಯೂ ಎಡವುವುದಿಲ್ಲ; ವ್ಯಾಕರಣದ ದೋಷವೂ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದಲೇ ಇಂಥ ಪ್ರತಿ ಕರಡು ತಿದ್ದುವವರ ಕೈಯನ್ನು ಸುಲಭವಾಗಿ ದಾಟಿ ಅಚ್ಚಿಗೆ ಹೋಗಿಬಿಡುತ್ತದೆ. ಆದರೆ ಈ ನಾಲ್ಕು ವಾಕ್ಯಗಳಲ್ಲಿ ಒಂದೂ ಅತಿಥಿಗಳು ಹೇಳಿದ್ದನ್ನು ಹೇಳಿದಂತೆ ತಿಳಿಸುವುದಿಲ್ಲ.

ಮೊದಲ ಪರೀಕ್ಷೆ: ವಾಕ್ಯದ ಪಕ್ಕದಲ್ಲಿ ನಿಮಿಷ

ಪ್ಯಾರಾದಲ್ಲಿ ಏನೋ ಸರಿಯಿಲ್ಲ ಎಂದು ಅನ್ನಿಸಿದಾಗ ವಾಕ್ಯಗಳನ್ನು ತಿದ್ದಲು ತೊಡಗಬಾರದು. ಮೊದಲು ಪ್ರತಿಯೊಂದು ವಾಕ್ಯವೂ ಧ್ವನಿಮುದ್ರಣದ ಎಷ್ಟನೆಯ ನಿಮಿಷದಿಂದ ಬಂದಿದೆ ಎಂಬುದನ್ನು ಅಂಚಿನಲ್ಲಿ ಬರೆಯಬೇಕು. ದೋಷ ಹುಡುಕಲು ಇದಕ್ಕಿಂತ ಬೇಗ ಫಲ ಕೊಡುವ ಪರೀಕ್ಷೆಯನ್ನು ನಾನು ಕಂಡಿಲ್ಲ. ಹೀಗೆ ಗುರುತು ಹಾಕಲು ಮೊದಲು ಭಾಷಣದ ನಕ್ಷೆ ಬೇಕು. ಧ್ವನಿಮುದ್ರಣವನ್ನು ಒಮ್ಮೆ ಪೂರ್ತಿಯಾಗಿ, ಏನನ್ನೂ ಬರೆದುಕೊಳ್ಳದೆ ಕೇಳಿ, ಎರಡನೆಯ ಬಾರಿ ಕೇಳುವಾಗ ವಿಷಯ ಬದಲಾಗುವ ಕಡೆಯಲ್ಲೆಲ್ಲ ನಿಮಿಷವನ್ನೂ ಒಂದು ಸಾಲನ್ನೂ ಬರೆದುಕೊಂಡರೆ ನಕ್ಷೆ ಸಿದ್ಧವಾಗುತ್ತದೆ. ಮೊದಲ ಬಾರಿಯೇ ಬರೆಯಲು ಕುಳಿತರೆ ಕೈ ಸೋಲುವುದು ಸಾಮಾನ್ಯವಾಗಿ ಹತ್ತನೆಯ ನಿಮಿಷದ ಆಸುಪಾಸಿನಲ್ಲಿ, ಅಂದರೆ ಅತಿಥಿಗಳು ಪೀಠಿಕೆ ಮುಗಿಸಿ ವಿಷಯಕ್ಕೆ ಬರುವ ಹೊತ್ತಿಗೇ.

ನಮ್ಮ ಪ್ರಕರಣದ ನಕ್ಷೆ ಹೀಗೆ ಬಂದಿತು. ಮೊದಲ 4 ನಿಮಿಷ ವೇದಿಕೆಯ ಮೇಲಿದ್ದವರನ್ನು ಸಂಬೋಧಿಸಿ ವಂದನೆ ಸಲ್ಲಿಸುವುದರಲ್ಲಿ ಕಳೆದಿತ್ತು. 4ರಿಂದ 9ನೆಯ ನಿಮಿಷದವರೆಗೆ ದಿನಾಚರಣೆಯ ಹಿನ್ನೆಲೆ ಇತ್ತು: ವಸ್ತುವಿನಲ್ಲಿ ಚದುರಿದ ಬೆಳಕಿನ ಒಂದಂಶದ ಬಣ್ಣ ಬದಲಾಗುವ ರಾಮನ್ ಪರಿಣಾಮ 1928ರ ಫೆಬ್ರವರಿ 28ರಂದು ದೃಢಪಟ್ಟದ್ದು, 1987ರಿಂದ ಆ ದಿನವನ್ನು ವಿಜ್ಞಾನ ದಿನವಾಗಿ ಆಚರಿಸುತ್ತಿರುವುದು. 9ರಿಂದ 21ರವರೆಗಿನ ಹನ್ನೆರಡು ನಿಮಿಷ ಒಂದೇ ವಿಷಯ. ರಾಮನ್ ಅವರ ಪ್ರಯೋಗಾಲಯದಲ್ಲಿ ಕೆ. ಆರ್. ರಾಮನಾಥನ್ ಅವರು 1923ರಲ್ಲಿಯೇ ದ್ರವದಲ್ಲಿ ಚದುರಿದ ಬೆಳಕಿನ ಜೊತೆಗೆ ಬೇರೆ ಬಣ್ಣದ ಮಂದ ಬೆಳಕೊಂದನ್ನು ಕಂಡಿದ್ದರು. ಕಲ್ಮಶದಿಂದ ಹಾಗಾಗುತ್ತಿರಬೇಕೆಂದು ಭಾವಿಸಿ ದ್ರವವನ್ನು ಮತ್ತೆ ಮತ್ತೆ ಶುದ್ಧಗೊಳಿಸಿದರು. ಆದರೂ ಅದು ಮಾಯವಾಗಲಿಲ್ಲ. ಆ ಮಂದ ಬೆಳಕನ್ನು ಮರೆತುಬಿಡದೆ ಉಳಿಸಿಕೊಂಡದ್ದರಿಂದಲೇ ಐದು ವರ್ಷಗಳ ಬಳಿಕ ಅದರ ಅರ್ಥ ತಿಳಿಯಿತು ಎಂಬುದು ಅತಿಥಿಗಳ ವಾದ. ನೇರಳೆ ಬಣ್ಣವನ್ನಷ್ಟೇ ಹಾಯಲು ಬಿಡುವ ಶೋಧಕದ ಮೂಲಕ ಸೂರ್ಯನ ಬೆಳಕನ್ನು ದ್ರವಕ್ಕೆ ಹಾಯಿಸಿ, ನೇರಳೆಯನ್ನು ತಡೆಯುವ ಇನ್ನೊಂದು ಶೋಧಕದ ಮೂಲಕ ಕಣ್ಣಿನಿಂದ ನೋಡಿದರೆ, ಬೆಳಕಿನ ಬಣ್ಣ ಬದಲಾಗದಿದ್ದಲ್ಲಿ ಕತ್ತಲೆಯೇ ಕಾಣಬೇಕು. ಆದರೆ ಬೆಳಕು ಕಾಣುತ್ತಿತ್ತು. ಇದನ್ನು ಅವರು ಸಭೆಗೆ ಬಹಳ ಸಾವಧಾನದಿಂದ ವಿವರಿಸಿದ್ದರು. 21ರಿಂದ 24ರವರೆಗೆ ಧ್ವನಿವರ್ಧಕ ಕೆಟ್ಟಿತ್ತು. 24ರಿಂದ 30ರವರೆಗೆ ಅತಿಥಿಗಳು ತಮ್ಮ ವಿದ್ಯಾರ್ಥಿ ದಿನಗಳಲ್ಲಿ ಲೋಲಕದ ಪ್ರಯೋಗದ ಅಂಕಿಯನ್ನು ತಿದ್ದಿ ಬರೆದ ಪ್ರಸಂಗ ಮತ್ತು ಅದರಿಂದ ಹೊರಟ ಒಂದು ಸಲಹೆ. ಕೊನೆಯ 4 ನಿಮಿಷ ಶುಭಾಶಯ, ಮೊಬೈಲ್ ಬಗ್ಗೆ ಒಂದು ಮಾತು, ವಂದನೆ.

ಈಗ ಮೊದಲ ಪ್ರತಿಯ ಅಂಚಿನಲ್ಲಿ ನಿಮಿಷ ಬರೆದಾಗ ದೋಷ ತಾನಾಗಿ ಹೊರಬಿದ್ದಿತು. ಮೊದಲ ವಾಕ್ಯ 3ನೆಯ ನಿಮಿಷದ್ದು, ಎರಡನೆಯದು 5ನೆಯದು, ಮೂರನೆಯದು 25ನೆಯದು; ನಾಲ್ಕನೆಯ ವಾಕ್ಯದ ಮೊದಲರ್ಧ 12ನೆಯ ನಿಮಿಷದ್ದು, ಉಳಿದರ್ಧ 32ನೆಯದು. ಭಾಷಣದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನ ಕಾಲ ನಡೆದ ವಾದಕ್ಕೆ ವರದಿಯಲ್ಲಿ ಸಿಕ್ಕಿದ್ದು ಅರ್ಧ ವಾಕ್ಯ. ವಂದನೆ ಮತ್ತು ಬೀಳ್ಕೊಡುಗೆಯ ಮಾತುಗಳಿಗೆ ಸಿಕ್ಕಿದ್ದು ಒಂದೂವರೆ ವಾಕ್ಯ.

ಹೀಗಾಗುವುದಕ್ಕೆ ಕಾರಣವಿದೆ. ಭಾಷಣದ ಆರಂಭ ಮತ್ತು ಅಂತ್ಯದ ಮಾತುಗಳು ವರದಿಯ ಭಾಷೆಗೆ ಬಹಳ ಹತ್ತಿರದವು. “ಮಹತ್ತರ ಪಾತ್ರ”, “ಉತ್ತಮ ಪ್ರಜೆ”, “ಕರೆ ನೀಡಿದರು” ಎಂಬ ಅಚ್ಚುಗಳು ಬರೆಯುವವರ ಕೈಯಲ್ಲಿ ಮೊದಲೇ ಸಿದ್ಧವಾಗಿರುತ್ತವೆ ಮತ್ತು ಆ ನಿಮಿಷಗಳ ಮಾತುಗಳು ಅವುಗಳೊಳಗೆ ತಾವಾಗಿ ಕುಳಿತುಕೊಳ್ಳುತ್ತವೆ. ನಡುವಿನ ವಾದಕ್ಕೆ ಅಂಥ ಅಚ್ಚು ಇಲ್ಲ. ಅದನ್ನು ಅರ್ಥ ಮಾಡಿಕೊಂಡು ಹೊಸದಾಗಿ ವಾಕ್ಯ ಕಟ್ಟಬೇಕಾಗುತ್ತದೆ. ಆದ್ದರಿಂದ ಪರಿಹಾರವೂ ಅಲ್ಲಿಂದಲೇ ಶುರುವಾಗಬೇಕು. ಪ್ಯಾರಾ ಬರೆಯುವ ಮೊದಲು ನಕ್ಷೆಯನ್ನು ಮುಂದಿಟ್ಟುಕೊಂಡು, “ಅತಿಥಿಗಳು ಹೇಳಿದ ಒಂದು ಮಾತು ಯಾವುದು?” ಎಂಬುದಕ್ಕೆ ಒಂದೇ ವಾಕ್ಯದ ಉತ್ತರವನ್ನು ಬೇರೆ ಹಾಳೆಯಲ್ಲಿ ಬರೆಯಬೇಕು. ಆ ವಾಕ್ಯವನ್ನು ಬೇರೊಂದು ಸಮಾರಂಭದ ಬೇರೊಬ್ಬ ಅತಿಥಿಗಳ ಹೆಸರಿನಲ್ಲಿಯೂ ಹಾಕಬಹುದಾದರೆ ಅದು ಉತ್ತರವಾಗಿಲ್ಲ, ಮತ್ತೆ ಕೇಳಬೇಕು. ವಿದ್ಯಾರ್ಥಿನಿ ಮೊದಲು ಬರೆದ ಉತ್ತರ “ವಿದ್ಯಾರ್ಥಿಗಳು ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳಬೇಕು” ಎಂದಿತ್ತು. ಮೂರನೆಯ ಪ್ರಯತ್ನದಲ್ಲಿ, 9ರಿಂದ 21ರವರೆಗಿನ ಭಾಗವನ್ನಷ್ಟೇ ಇನ್ನೊಮ್ಮೆ ಕೇಳಿದ ಮೇಲೆ, “ನಿರೀಕ್ಷೆಗೆ ಹೊಂದದ ಅಳತೆಯನ್ನು ದಾಖಲೆಯಿಂದ ತೆಗೆದುಹಾಕಬಾರದು” ಎಂದು ಬರೆದರು. ಆ ಒಂದು ವಾಕ್ಯ ಸಿಕ್ಕಿದ ಮೇಲೆ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಬಹುಮಟ್ಟಿಗೆ ಬಗೆಹರಿಯಿತು. 25ನೆಯ ನಿಮಿಷದ ಲೋಲಕದ ಪ್ರಸಂಗ ಬಿಡಿ ನೆನಪಾಗಿ ಉಳಿಯಲಿಲ್ಲ. ಅದೇ ವಾದದ ಎರಡನೆಯ ಉದಾಹರಣೆ ಎಂಬುದು ಆಗ ತಿಳಿಯಿತು.

ಮಾತು ಒಬ್ಬರದು, ಹೆಸರು ಇನ್ನೊಬ್ಬರದು

ಮೊದಲ ಪ್ರತಿಯ ಮೂರನೆಯ ವಾಕ್ಯವನ್ನು ಇನ್ನೊಮ್ಮೆ ಓದಬೇಕು: “ಅವರು ವಿದ್ಯಾರ್ಥಿಯಾಗಿದ್ದಾಗ ಲೋಲಕದ ಪ್ರಯೋಗದಲ್ಲಿ...” ಹಿಂದಿನ ವಾಕ್ಯದಲ್ಲಿ ಬಂದಿರುವ ಹೆಸರು ರಾಮನ್ ಅವರದು. ಹಾಗಾಗಿ ಓದುಗರು ಈ ಪ್ರಸಂಗವನ್ನು ರಾಮನ್ ಅವರ ವಿದ್ಯಾರ್ಥಿ ಜೀವನದ್ದೆಂದೇ ತಿಳಿಯುತ್ತಾರೆ. ಅತಿಥಿಗಳು ಹೇಳಿದ್ದು ತಮ್ಮ ಸ್ವಂತ ಅನುಭವ. ವೇದಿಕೆಯ ಮೇಲಿನ “ನಾನು” ವರದಿಯಲ್ಲಿ “ಅವರು” ಆದಾಗ ನಡೆಯುವ ಈ ಅಪಘಾತ ಅಚ್ಚಾದ ಸಂಚಿಕೆಗಳಲ್ಲಿ ಬಹಳ ಇದೆ ಮತ್ತು ಧ್ವನಿಮುದ್ರಣ ಕೇಳದವರಿಗೆ ಇದನ್ನು ಪತ್ತೆ ಮಾಡುವ ದಾರಿಯೇ ಇರುವುದಿಲ್ಲ.

ಕನ್ನಡ ಇದಕ್ಕೆ ಒಂದು ಸೊಗಸಾದ ಉಪಾಯವನ್ನು ಇಟ್ಟುಕೊಂಡಿದೆ. ವರದಿಯ ಮಾತಿನಲ್ಲಿ ಹೇಳಿದವರನ್ನೇ ಸೂಚಿಸಬೇಕಾದಲ್ಲಿ “ತಾವು”, “ತಮ್ಮ”, “ತಮಗೆ” ಎಂದು ಬಳಸಿದರೆ ಸಂದೇಹ ಉಳಿಯುವುದಿಲ್ಲ. “ಅವರು ವಿದ್ಯಾರ್ಥಿಯಾಗಿದ್ದಾಗ ಹೀಗಾಯಿತೆಂದು ಅತಿಥಿಗಳು ಹೇಳಿದರು” ಎಂದರೆ ವಿದ್ಯಾರ್ಥಿ ಮೂರನೆಯವರು. “ತಾವು ವಿದ್ಯಾರ್ಥಿಯಾಗಿದ್ದಾಗ ಹೀಗಾಯಿತೆಂದು ಅತಿಥಿಗಳು ಹೇಳಿದರು” ಎಂದರೆ ವಿದ್ಯಾರ್ಥಿ ಅತಿಥಿಗಳೇ. ಆದ್ದರಿಂದ ಪರೀಕ್ಷೆ ಸುಲಭ: ಪ್ಯಾರಾದಲ್ಲಿರುವ ಪ್ರತಿಯೊಂದು “ಅವರು” ಎಂಬುದರ ಕೆಳಗೆ ಗೆರೆ ಎಳೆದು, ಯಾರು ಎಂದು ಪಕ್ಕದಲ್ಲಿ ಹೆಸರು ಬರೆಯಬೇಕು. ಎರಡು ಹೆಸರು ಹೊಂದುವ ಕಡೆ “ತಾವು” ಎಂದು ಬದಲಿಸಬೇಕು ಅಥವಾ ಹೆಸರನ್ನೇ ಹಾಕಬೇಕು.

ಸ್ಥಳ ಮತ್ತು ಕಾಲದ ಮಾತುಗಳೂ ಇದೇ ರೀತಿ ಕೈಕೊಡುತ್ತವೆ. ವೇದಿಕೆಯ ಮೇಲಿನ “ಇವತ್ತು”, “ನಿಮ್ಮ ಪ್ರಯೋಗಾಲಯ”, “ನಾವೆಲ್ಲ” ಎಂಬ ಮಾತುಗಳನ್ನು ಹಾಗೆಯೇ ಇಳಿಸಿಕೊಂಡರೆ, ತಿಂಗಳುಗಳ ನಂತರ ಸಂಚಿಕೆ ತೆರೆದವರಿಗೆ “ಇವತ್ತು” ಎಂದರೆ ಯಾವತ್ತು ಎಂಬುದು ತಿಳಿಯುವುದಿಲ್ಲ. “ನಾವು” ಎಂಬುದಂತೂ ವಿಶೇಷ ಎಚ್ಚರ ಬೇಡುತ್ತದೆ. ನಮ್ಮ ಅತಿಥಿಗಳು ಒಂದು ಕಡೆ “ನಾವು ಅಂಕಿ ತಿದ್ದುತ್ತೇವೆ” ಎಂದಿದ್ದರು. ಅದು ವಿಜ್ಞಾನಿಗಳನ್ನು ಕುರಿತದ್ದೋ, ಅಧ್ಯಾಪಕರನ್ನು ಕುರಿತದ್ದೋ, ತಾವೂ ಸೇರಿದ ಆ ಕಾಲದ ವಿದ್ಯಾರ್ಥಿಗಳನ್ನು ಕುರಿತದ್ದೋ ಎಂಬುದು ಹಿಂದಿನ ಎರಡು ನಿಮಿಷ ಕೇಳದೆ ಹೇಳಲು ಬರುವುದಿಲ್ಲ. ಕೇಳಿದಾಗ ತಿಳಿದದ್ದು, ಅದು ಅವರ ತರಗತಿಯ ಗೆಳೆಯರನ್ನು ಕುರಿತದ್ದು. “ವಿಜ್ಞಾನಿಗಳು ಅಂಕಿ ತಿದ್ದುತ್ತಾರೆ” ಎಂದು ಅಚ್ಚಾಗಿದ್ದರೆ ಆ ಹಿರಿಯರ ಮೇಲೆ ದೊಡ್ಡ ಅಪಚಾರ ಎಸಗಿದಂತಾಗುತ್ತಿತ್ತು.

ಕಿವಿಗೆ ಬಿದ್ದ ಅಂಕಿ

ಅದೇ ವಾಕ್ಯದಲ್ಲಿ ಇನ್ನೊಂದು ದೋಷವಿದೆ: 990. ಸಭಾಂಗಣದ ಪ್ರತಿಧ್ವನಿಯಲ್ಲಿ, ಅದರಲ್ಲಿಯೂ ಫೋನನ್ನು ಧ್ವನಿವರ್ಧಕದಿಂದ ದೂರ ಇಟ್ಟು ಮುದ್ರಿಸಿದಾಗ, “ಎಂಬತ್ತು” ಮತ್ತು “ತೊಂಬತ್ತು” ಒಂದರಂತೆ ಇನ್ನೊಂದು ಕೇಳಿಸುತ್ತವೆ. ಎರಡರ ಬಾಲವೂ ಒಂದೇ, ವ್ಯತ್ಯಾಸವಿರುವುದು ಮೊದಲ ಅಕ್ಷರದಲ್ಲಿ ಮಾತ್ರ. ನಮ್ಮ ಪ್ರಕರಣದಲ್ಲಿ “ಒಂಬೈನೂರ” ಎಂಬುದರ ಬೆನ್ನಿಗೇ ಬಂದ “ಎಂಬತ್ತು” ವಿದ್ಯಾರ್ಥಿನಿಯ ಕಿವಿಗೆ “ತೊಂಬತ್ತು” ಎಂದು ಬಿದ್ದಿತ್ತು. ಇಂಥ ಕಡೆ ಅದೇ ತುಣುಕನ್ನು ಹತ್ತು ಬಾರಿ ಕೇಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಒಮ್ಮೆ ತೊಂಬತ್ತು ಎಂದು ಕೇಳಿಸಿದ ಕಿವಿಗೆ ಹನ್ನೊಂದನೆಯ ಬಾರಿಯೂ ಹಾಗೆಯೇ ಕೇಳಿಸುತ್ತದೆ. ಮೊದಲ ಬಾರಿ ಕೇಳುತ್ತಿರುವ ಇನ್ನೊಬ್ಬರಿಗೆ ಅದನ್ನು ಕೇಳಿಸಿ ಬರೆಸಬೇಕು, ಆಮೇಲೆ ಅಂಕಿಯ ಅರ್ಥವನ್ನು ಪರೀಕ್ಷಿಸಬೇಕು. ಸರಳ ಲೋಲಕದ ಪ್ರಯೋಗದಲ್ಲಿ ಹುಡುಕುವುದು ಗುರುತ್ವ ವೇಗೋತ್ಕರ್ಷವನ್ನು. ಸೆಂಟಿಮೀಟರ್ ಅಳತೆಯಲ್ಲಿ ಅದರ ಬೆಲೆ ಸುಮಾರು 980. ಅತಿಥಿಗಳು ಮುಂದೆ ಕೊಟ್ಟ ವಿವರಣೆಯೂ ಅದಕ್ಕೆ ಹೊಂದುತ್ತದೆ. ಲೋಲಕದ ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯಬೇಕಿತ್ತು, ತಾವು ಗುಂಡಿನ ಮೇಲ್ತುದಿಯವರೆಗೆ ಮಾತ್ರ ಅಳೆದಿದ್ದೆವು ಎಂದು ಅವರು ಹೇಳಿದ್ದರು. ನಿಜವಾದ ಉದ್ದ 50 ಸೆಂಟಿಮೀಟರ್ ಇದ್ದು ಗುಂಡಿನ ತ್ರಿಜ್ಯ 1 ಸೆಂಟಿಮೀಟರ್ ಆಗಿದ್ದರೆ ಅಳೆದ ಉದ್ದ 49. ಉದ್ದ ನೂರಕ್ಕೆ ಎರಡರಷ್ಟು ಕಡಿಮೆಯಾದರೆ ಉತ್ತರವೂ ಅಷ್ಟೇ ಕಡಿಮೆಯಾಗಿ 980ರ ಜಾಗದಲ್ಲಿ 960 ಬರುತ್ತದೆ. 990 ಎಂದು ಹಿಡಿದರೆ ಈ ಲೆಕ್ಕ ಕೂಡುವುದಿಲ್ಲ. ವರದಿ ಬರೆಯುವವರಿಗೆ ಆ ವಿಷಯ ಗೊತ್ತಿಲ್ಲದಿದ್ದರೆ ಆ ವಿಭಾಗದ ಅಧ್ಯಾಪಕರೊಬ್ಬರಿಗೆ ಅಂಕಿಯಿರುವ ವಾಕ್ಯಗಳನ್ನು ಮಾತ್ರ ತೋರಿಸಿದರೂ ಸಾಕು. ಐದು ನಿಮಿಷದ ಕೆಲಸ.

ನೊಬೆಲ್ ಪ್ರಶಸ್ತಿಯ ವಾಕ್ಯದ ತಪ್ಪು ಬೇರೆ ಬಗೆಯದು. ಅಲ್ಲಿ ಕಿವಿ ತಪ್ಪಲಿಲ್ಲ. ಎರಡು ವಾಕ್ಯಗಳನ್ನು ಒಂದಾಗಿಸುವಾಗ ನಡುವಿನ ಕೊಂಡಿ ಕಳಚಿತು. ಅತಿಥಿಗಳು 1928ರ ಫೆಬ್ರವರಿ 28ರಂದು ಪರಿಣಾಮ ದೃಢಪಟ್ಟಿತು ಎಂದು ಹೇಳಿ, ಅನಂತರದ ವಾಕ್ಯದಲ್ಲಿ ಪ್ರಶಸ್ತಿಯನ್ನು ಪ್ರಸ್ತಾಪಿಸಿದ್ದರು. ಎರಡನ್ನೂ ಸೇರಿಸಿ ಹೊಲಿಯುವಾಗ ಮೊದಲ ವಾಕ್ಯದ ವರ್ಷ ಎರಡನೆಯ ವಾಕ್ಯದ ಘಟನೆಗೆ ಅಂಟಿಕೊಂಡಿತು. ಪ್ರಶಸ್ತಿ ಬಂದದ್ದು 1930ರಲ್ಲಿ. ದಿನಾಚರಣೆ ಇರುವುದು ಆವಿಷ್ಕಾರದ ನೆನಪಿಗೆ. ಸಂಕ್ಷೇಪಿಸಿದ ಪ್ಯಾರಾದಲ್ಲಿ ಒಂದು ವರ್ಷವೂ ಒಂದು ಘಟನೆಯೂ ಒಟ್ಟಿಗೆ ಕಂಡಾಗ, ಧ್ವನಿಮುದ್ರಣದಲ್ಲಿಯೂ ಅವು ಒಂದೇ ವಾಕ್ಯದಲ್ಲಿದ್ದವೇ ಎಂದು ನೋಡಬೇಕು.

ಇಲ್ಲಿಯೇ ಇನ್ನೊಂದು ಸಂಕಟವೂ ಎದುರಾಯಿತು. ಮಾತಿನ ಓಘದಲ್ಲಿ ಅತಿಥಿಗಳು ಪ್ರಶಸ್ತಿ “ಮರುವರ್ಷವೇ” ಬಂದಿತು ಎಂದಿದ್ದರು. ಗಂಟೆಗಟ್ಟಲೆ ಪ್ರಯಾಣ ಮಾಡಿ ಬಂದು ಕಾಗದವಿಲ್ಲದೆ ಮಾತನಾಡುವ ಯಾರಿಗಾದರೂ ಇಂಥ ಸಣ್ಣ ಜಾರು ಸಹಜ. ಅದನ್ನು ಹಾಗೆಯೇ ಅಚ್ಚು ಮಾಡಿದರೆ ತಪ್ಪು ಅವರ ಹೆಸರಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ನಾವೇ ತಿದ್ದಿ “1930ರಲ್ಲಿ ಎಂದು ಹೇಳಿದರು” ಎಂದು ಬರೆದರೆ ಅವರು ಆಡದ ಮಾತನ್ನು ಅವರ ಬಾಯಿಗೆ ತುರುಕಿದಂತಾಗುತ್ತದೆ. ನನ್ನ ಅಭಿಪ್ರಾಯದಲ್ಲಿ, ವಾದಕ್ಕೆ ಅಗತ್ಯವಿಲ್ಲದಿದ್ದರೆ ಆ ವಿವರವನ್ನು ಬಿಟ್ಟುಬಿಡುವುದೇ ಸರಿ. ಅಗತ್ಯವಿದ್ದರೆ ಅವರಿಗೇ ದೂರವಾಣಿ ಮಾಡಿ ಕೇಳಿ, ಅವರು ಒಪ್ಪಿದ ಅಂಕಿಯನ್ನು ಹಾಕಬೇಕು. ನಮ್ಮ ಪ್ರಕರಣದಲ್ಲಿ ಪ್ರಶಸ್ತಿಯ ಪ್ರಸ್ತಾಪವೇ ಬೇಕಿರಲಿಲ್ಲ.

ಬಿದ್ದುಹೋದ ಷರತ್ತು

ನಾಲ್ಕನೆಯ ವಾಕ್ಯದ ಮೊದಲರ್ಧದ ದೋಷವನ್ನು ನಾನು ಎಲ್ಲಕ್ಕಿಂತ ಗಂಭೀರವೆಂದು ಪರಿಗಣಿಸುತ್ತೇನೆ. “ಪ್ರಯೋಗಕ್ಕೆ ದುಬಾರಿ ಉಪಕರಣಗಳ ಅಗತ್ಯವಿಲ್ಲ ಎಂದು ಪ್ರತಿಪಾದಿಸಿದರು” ಎಂಬುದು ಅಚ್ಚಾದರೆ, ಪ್ರಯೋಗಾಲಯಕ್ಕೆ ಉಪಕರಣ ಕೇಳುತ್ತಿರುವ ವಿಭಾಗದ ವಿರುದ್ಧ ಅತಿಥಿಗಳು ಸಾಕ್ಷಿ ನುಡಿದಂತಾಗುತ್ತದೆ. 12ನೆಯ ನಿಮಿಷದಲ್ಲಿ ಅವರು ನಿಜವಾಗಿ ಹೇಳಿದ್ದು ಹೀಗೆ: ಕೇಳುವ ಪ್ರಶ್ನೆ ಸ್ಪಷ್ಟವಾಗಿದ್ದರೆ, ಕೆಲವೊಮ್ಮೆ ಸರಳ ಉಪಕರಣವೂ ಸಾಕಾಗಬಹುದು. ಆ ವಾಕ್ಯದಲ್ಲಿ ಒಂದು ಷರತ್ತು ಇದೆ, ಒಂದು “ಕೆಲವೊಮ್ಮೆ” ಇದೆ, ಒಂದು “ಬಹುದು” ಇದೆ. ಮೂರೂ ಬಿದ್ದುಹೋಗಿ, ಉಳಿದದ್ದಕ್ಕೆ “ಪ್ರತಿಪಾದಿಸಿದರು” ಎಂಬ ಬಲವಾದ ಕ್ರಿಯಾಪದ ಸೇರಿಕೊಂಡಿತು.

ಪದಗಳ ಮಿತಿ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಇಂಥ ಸಣ್ಣ ಮಾತುಗಳ ಮೇಲೆ. ಅವು ಇಲ್ಲದಿದ್ದರೂ ವಾಕ್ಯ ನಿಲ್ಲುತ್ತದೆ ಎಂಬುದೇ ಅದಕ್ಕೆ ಕಾರಣ. ಪತ್ತೆ ಮಾಡುವ ಕ್ರಮವೆಂದರೆ, ಪ್ಯಾರಾದ ಪ್ರತಿಯೊಂದು ಅಭಿಪ್ರಾಯ ವಾಕ್ಯಕ್ಕೂ ಮೂಲದ ವಾಕ್ಯವನ್ನು ಅಕ್ಷರಶಃ ಬರೆದುಕೊಂಡು “ಆದರೆ”, “ಇದ್ದರೆ”, “ಬಹುದು”, “ಸಾಮಾನ್ಯವಾಗಿ”, “ನನ್ನ ಮಟ್ಟಿಗೆ” ಎಂಬ ಪದಗಳಿಗೆ ವೃತ್ತ ಹಾಕುವುದು. ಇಡೀ ಭಾಷಣವನ್ನು ಬರೆದುಕೊಳ್ಳುವ ಅಗತ್ಯವಿಲ್ಲ. ವರದಿಯಲ್ಲಿ ಉಳಿಯುವ ಐದಾರು ವಾಕ್ಯಗಳ ಮೂಲ ಸಾಕು. ವೃತ್ತ ಹಾಕಿದ ಪದ ವರದಿಯಲ್ಲಿ ಯಾವುದಾದರೊಂದು ರೂಪದಲ್ಲಿ ಉಳಿಯಲೇಬೇಕು.

ವಾಕ್ಯದ ಕೊನೆಯ ಕ್ರಿಯಾಪದವೂ ಅರ್ಥವನ್ನು ಹೊತ್ತಿರುತ್ತದೆ. “ಎಂದರು” ಎಂಬುದನ್ನು ಮತ್ತೆ ಮತ್ತೆ ಬಳಸಬಾರದೆಂದು ಶಾಲೆಯಲ್ಲಿ ಕಲಿತವರು, ಕಿವಿಗೆ ಹಿತವಾಗಲೆಂದು “ಪ್ರತಿಪಾದಿಸಿದರು”, “ವಿಷಾದಿಸಿದರು”, “ಎಚ್ಚರಿಸಿದರು”, “ಕರೆ ನೀಡಿದರು” ಎಂದು ಸರದಿಯಲ್ಲಿ ಹಾಕುತ್ತಾರೆ. ಆದರೆ ಎಚ್ಚರಿಸಬೇಕಾದರೆ ಮೂಲದಲ್ಲಿ ಅಪಾಯದ ಮಾತು ಇರಬೇಕು, ವಿಷಾದಿಸಬೇಕಾದರೆ ನೋವಿನ ಮಾತು ಇರಬೇಕು. ನಮ್ಮ ಅತಿಥಿಗಳು ಮೊಬೈಲ್ ಬಗ್ಗೆ ಹೇಳಿದ್ದು “ನನ್ನ ಫೋನನ್ನೂ ಈಗ ಆಫ್ ಮಾಡಿದ್ದೇನೆ, ನೀವೂ ಮಾಡಿದ್ದೀರಿ, ಸಂತೋಷ” ಎಂಬ ಸೌಜನ್ಯದ ಮಾತು ಮಾತ್ರ. ಅದು ವರದಿಯಲ್ಲಿ “ಗೀಳಿನಿಂದ ಹೊರಬರಬೇಕೆಂಬ ಕರೆ” ಆಗಿ ಬೆಳೆಯಿತು. ಹೇಳಿದರು ಎಂಬುದಕ್ಕಿಂತ ಹೆಚ್ಚಿನದನ್ನು ಮೂಲ ತೋರಿಸದಿದ್ದರೆ “ಹೇಳಿದರು” ಎಂದೇ ಬರೆಯಬೇಕು. ಪುನರಾವೃತ್ತಿಯನ್ನು ತಪ್ಪಿಸಲು ಬೇರೆ ದಾರಿಯಿದೆ: ಒಂದೇ ವಾದದ ಎರಡು ಮಾತುಗಳನ್ನು “ಎಂದೂ... ಎಂದೂ” ಎಂದು ಜೋಡಿಸಿ ಒಂದೇ ಕ್ರಿಯಾಪದಕ್ಕೆ ಕಟ್ಟಬಹುದು.

ಉದ್ಧರಣ ಚಿಹ್ನೆಯ ಬಗ್ಗೆ ಒಂದೇ ಮಾತು ಸಾಕು. 100 ಪದಗಳ ಪ್ಯಾರಾದಲ್ಲಿ ಅದಕ್ಕೆ ಒಂದು ಸಲ ಮಾತ್ರ ಜಾಗವಿದೆ, ಅದರೊಳಗೆ ಬರುವ ಪದಗಳು ಧ್ವನಿಮುದ್ರಣದಲ್ಲಿ ಅದೇ ಕ್ರಮದಲ್ಲಿ ಇರಬೇಕು. “ಅಳಿಸ್ಬೇಡಿ” ಎಂಬ ಆಡುರೂಪವನ್ನು “ಅಳಿಸಬೇಡಿ” ಎಂದು ಬರೆಯಬಹುದು, ಪದವನ್ನೇ ಬದಲಿಸಬಾರದು.

ಸರಿಪಡಿಸಿದ ಪ್ರತಿ

ಈ ಪರೀಕ್ಷೆಗಳ ನಂತರ ವಿದ್ಯಾರ್ಥಿನಿ ಬರೆದ ಪ್ಯಾರಾ ಹೀಗಿದೆ:

“ಮುಖ್ಯ ಅತಿಥಿಗಳು ತಮ್ಮ ಭಾಷಣದಲ್ಲಿ, ನಿರೀಕ್ಷೆಗೆ ಹೊಂದದ ಅಳತೆಯನ್ನು ಪ್ರಯೋಗದ ದಾಖಲೆಯಿಂದ ತೆಗೆದುಹಾಕಬಾರದು ಎಂಬುದನ್ನು ಎರಡು ಉದಾಹರಣೆಗಳ ಮೂಲಕ ವಿವರಿಸಿದರು. ದ್ರವದಲ್ಲಿ ಚದುರಿದ ಬೆಳಕಿನೊಂದಿಗೆ 1923ರಲ್ಲಿಯೇ ಕಂಡಿದ್ದ ಬೇರೆ ಬಣ್ಣದ ಮಂದ ಬೆಳಕು, ಕಲ್ಮಶದ ಪರಿಣಾಮವೆಂದು ಭಾವಿಸಿ ದ್ರವವನ್ನು ಮತ್ತೆ ಮತ್ತೆ ಶುದ್ಧಗೊಳಿಸಿದರೂ ಮಾಯವಾಗಲಿಲ್ಲವೆಂದೂ, ರಾಮನ್ ಮತ್ತು ಅವರ ಸಹೋದ್ಯೋಗಿಗಳು ಅದನ್ನು ಕೈಬಿಡದಿದ್ದುದರಿಂದಲೇ 1928ರ ಫೆಬ್ರವರಿ 28ರ ಆವಿಷ್ಕಾರ ಸಾಧ್ಯವಾಯಿತೆಂದೂ ಹೇಳಿದರು. ತಾವು ವಿದ್ಯಾರ್ಥಿಯಾಗಿದ್ದಾಗ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆ 980ರ ಬದಲು 960 ಬಂದುದನ್ನು ತಿದ್ದಿ ಬರೆದೆವೆಂದು ಒಪ್ಪಿಕೊಂಡ ಅವರು, ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯದಿದ್ದುದೇ ಕಾರಣವೆಂದು ತಿಳಿದದ್ದು ಬಹಳ ಕಾಲದ ನಂತರ ಎಂದರು. ಪ್ರಶ್ನೆ ಸ್ಪಷ್ಟವಾಗಿದ್ದರೆ ಕೆಲವೊಮ್ಮೆ ಸರಳ ಉಪಕರಣವೂ ಸಾಕಾಗಬಹುದೆಂದು ಅಭಿಪ್ರಾಯಪಟ್ಟು, ‘ಹೊಂದದ ಅಂಕಿಯನ್ನು ಅಳಿಸಬೇಡಿ, ಅದರ ಪಕ್ಕ ಒಂದು ಪ್ರಶ್ನೆ ಗುರುತು ಹಾಕಿ’ ಎಂದು ವಿದ್ಯಾರ್ಥಿಗಳಿಗೆ ಸಲಹೆ ನೀಡಿದರು.”

ಇದರ ಅಂಚಿನಲ್ಲಿ ನಿಮಿಷ ಬರೆದರೆ 10ರಿಂದ 21 ಮತ್ತು 25ರಿಂದ 29 ಎಂಬ ಸಂಖ್ಯೆಗಳು ಬರುತ್ತವೆ. ಮೊದಲ ವಾಕ್ಯಕ್ಕೆ ನಿಮಿಷವೇ ಇಲ್ಲ. ಅದು ಇಡೀ ಭಾಷಣದಿಂದ ಬಂದದ್ದು, ಬೇರೆ ಹಾಳೆಯಲ್ಲಿ ಬರೆದಿದ್ದ ಉತ್ತರವೇ ಅಲ್ಲಿ ಕುಳಿತಿದೆ. ವಂದನೆ, ಶುಭಾಶಯ, ದಿನಾಚರಣೆಯ ಇತಿಹಾಸ ಪೂರ್ತಿಯಾಗಿ ಹೊರಗುಳಿದಿವೆ. ಇದರಿಂದ ಅತಿಥಿಗಳ ಗೌರವಕ್ಕೆ ಕುಂದು ಬಂತೇ ಎಂದು ಸಮಿತಿಯಲ್ಲಿ ಒಬ್ಬರು ಕೇಳಿದರು. ಅವರ ಪರಿಚಯ, ಸನ್ಮಾನಗಳು ವರದಿಯ ಬೇರೆ ಪ್ಯಾರಾದಲ್ಲಿ ಇರುವುದರಿಂದ ಈ ಪ್ಯಾರಾವನ್ನು ಅವರ ಮಾತಿಗೇ ಮೀಸಲಿಡುವುದು ಸರಿಯೆಂದು ಒಪ್ಪಿದೆವು. ನೇರಳೆ ಶೋಧಕದ ಸುಂದರವಾದ ವಿವರಣೆಯನ್ನು ಬಿಡಬೇಕಾಗಿ ಬಂದದ್ದು ನನಗೆ ಈಗಲೂ ನೋವಿನ ಸಂಗತಿ, ಆದರೆ ಅದನ್ನು ಹತ್ತು ಪದಗಳಲ್ಲಿ ಹೇಳಿದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಧ್ವನಿವರ್ಧಕ ಕೆಟ್ಟಿದ್ದ 21ರಿಂದ 24ರವರೆಗಿನ ಭಾಗವನ್ನು ನಾವು ತುಂಬಿಸಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದವರ ನೆನಪಿನಿಂದ ಅದನ್ನು ಕಟ್ಟುವ ಸಲಹೆ ಬಂದಿತ್ತು. ಮೂವರನ್ನು ಕೇಳಿದಾಗ ಮೂರು ಬಗೆಯ ಉತ್ತರ ಸಿಕ್ಕಿದ್ದರಿಂದ ಕೈಬಿಟ್ಟೆವು.

ಅಚ್ಚಿಗೆ ಮೊದಲು ಈ ಪ್ಯಾರಾವನ್ನು ಅತಿಥಿಗಳಿಗೆ ಕಳಿಸಿ, ಉತ್ತರಕ್ಕೆ ಒಂದು ವಾರದ ಗಡುವು ಕೊಟ್ಟೆವು. ಅಂಕಿ ತಿದ್ದಿ ಬರೆದ ಪ್ರಸಂಗವನ್ನು ಅವರು ತುಂಬಿದ ಸಭೆಯಲ್ಲಿಯೇ ಹೇಳಿದ್ದರೂ, ಸಭೆಯಲ್ಲಿ ಆಡಿದ ಮಾತು ಅಂದಿಗೆ ಮುಗಿಯುತ್ತದೆ, ಅಚ್ಚಾದದ್ದು ಗ್ರಂಥಾಲಯದ ಕಪಾಟಿನಲ್ಲಿ ಉಳಿಯುತ್ತದೆ. ಆದ್ದರಿಂದ ಆ ವಾಕ್ಯಕ್ಕೆ ಅವರ ಒಪ್ಪಿಗೆಯನ್ನು ಬೇರೆಯಾಗಿ ಕೇಳಿದೆವು. ಅವರು ಒಪ್ಪಿದರು. ಜೊತೆಗೆ, ಸಭೆಯಲ್ಲಿ ಹೇಳಲು ಮರೆತಿದ್ದ ಇನ್ನೊಂದು ಉದಾಹರಣೆಯನ್ನು ಬರೆದು ಕಳಿಸಿ, ಸಾಧ್ಯವಾದರೆ ಸೇರಿಸಿ ಎಂದರು. ಅದು ಬಹಳ ಚೆನ್ನಾಗಿತ್ತು. ಆದರೆ ಅಂದಿನ ಭಾಷಣದ ವರದಿಯಲ್ಲಿ ಅದು ಬರಲಾರದು. ಅದನ್ನು ಅವರದೇ ಹೆಸರಿನಲ್ಲಿ, ಸಂಚಿಕೆಯ ಬೇರೆ ಪುಟದಲ್ಲಿ ಕಿರುಲೇಖನವಾಗಿ ಪ್ರಕಟಿಸಲು ಅವರ ಅನುಮತಿ ಪಡೆದೆವು. ಕೊನೆಯ ಕರಡಿನಲ್ಲಿ 980 ಎಂಬುದು ಅಕ್ಷರ ಜೋಡಿಸುವಾಗ 908 ಆಗಿತ್ತು. ಧ್ವನಿಮುದ್ರಣವನ್ನು ಅಳಿಸದೆ ಇಟ್ಟುಕೊಂಡಿದ್ದರಿಂದ ಆ ಒಂದು ನಿಮಿಷವನ್ನು ಮತ್ತೆ ಕೇಳಿ, ಅಚ್ಚಿಗೆ ಹೋಗುವ ಹಿಂದಿನ ದಿನ ತಿದ್ದಲು ಸಾಧ್ಯವಾಯಿತು.